ಐದನೆಯ ಹಾಡಿನ ದನಿ

ಬೆಟಗೇರಿ
೨೬ ನವೆಂಬರ್ ೧೯೭೩, ಸೋಮವಾರ

ತಮ್ಮಾ ಈಶೂ,

ಹೇಗಿದ್ದೀಯೋ? ಮುಂಬಯಿಯ ನೀರು ಮೈಗೆ ಹಿಡಿಯಿತೋ ಇಲ್ಲವೋ? ಹೋದ ಸಲ ಕೆಮ್ಮು ಎಂದು ಬರೆದಿದ್ದೆ. ರಾತ್ರಿ ಹೋಟೆಲಿನಲ್ಲಿ ಬಾರಿಸಿ ಬಂದವನು ತಣ್ಣೀರು ಕುಡಿಯಬೇಡ, ಕೇಳಿದೆಯಾ? ಇಲ್ಲಿ ಅವ್ವನ ಮೊಣಕಾಲು ಇದ್ದಲ್ಲೇ ಇದೆ, ಚಳಿ ಬಿದ್ದ ಮೇಲೆ ಸ್ವಲ್ಪ ಹೆಚ್ಚು. ನನಗೆ ಏನಾಗಬೇಕು, ಶಾಲೆಯ ಹುಡುಗಿಯರನ್ನು ಬೈದು ಬೈದು ಗಂಟಲು ಮಾತ್ರ ಕಟ್ಟಿದೆ. ಅಪ್ಪನ ಆರೋಗ್ಯ ಚೆನ್ನಾಗಿದೆ. ಅಪ್ಪನ ಮನಸ್ಸು ಹೇಗಿದೆ ಎಂದು ಕೇಳಬೇಡ, ನನಗೂ ಗೊತ್ತಿಲ್ಲ. ಎರಡು ದಿನದಿಂದ ಅದೇ ಹೆದರಿಕೆಯಲ್ಲಿ ಕೂತಿದ್ದೇನೆ.

ಶನಿವಾರ ಸಂಜೆ ರೇಡಿಯೋದಲ್ಲಿ ನನ್ನ ಕಾರ್ಯಕ್ರಮ ಬಂತು. ನೀನು ಕಳಿಸಿದ ಐದು ಹಾಡು, ಹತ್ತು ವರ್ಷದ ರಾಕ್ ಸಂಗೀತ, ಅರ್ಧ ಗಂಟೆ. ಧಾರವಾಡ ರೇಡಿಯೋ ಕೇಂದ್ರದ ಅಧಿಕಾರಿಗಳು ಸ್ಕ್ರಿಪ್ಟಿಗೆ ಒಪ್ಪುವಾಗ ಒಂದೇ ಮಾತು ಹೇಳಿದ್ದರು: "ಗಿಟಾರ್ ಅಂದ್ರ ಏನಂತ ಗೊತ್ತಿರಲಾರದವರಿಗೆ ಬರೀರಿ, ಬಾಯಾರ." ಹಾಗೇ ಬರೆದೆ. ಬರೆದದ್ದನ್ನೆಲ್ಲ ಯಳವತ್ತಿಯಿಂದ ಬಂದಿದ್ದ ಶಂಕ್ರೆವ್ವ ದೊಡ್ಡವ್ವನಿಗೆ ಓದಿ ಹೇಳಿದೆ. ಅವಳಿಗೆ ತಿಳಿಯದ ಸಾಲನ್ನು ಹೊಡೆದು ಹಾಕಿದೆ, ತಿಳಿದದ್ದನ್ನು ಇಟ್ಟುಕೊಂಡೆ.

ಆದರೆ ಅದನ್ನು ಕೇಳುವಂತೆ ಅಪ್ಪನನ್ನು ಒಪ್ಪಿಸಲು ಪಟ್ಟ ಪಾಡು ನನಗೇ ಗೊತ್ತು. ನೀನು ಮನೆ ಬಿಟ್ಟ ಮೇಲೆ ಅವನು ನಿನ್ನ ಹೆಸರು ಎತ್ತಿಲ್ಲ, ಎತ್ತಲು ಬಿಟ್ಟಿಲ್ಲ. ಮುಂಡರಗಿಯ ಹನಮವ್ವತ್ತೆಯ ಮಗಳ ಜೊತೆ ನಿನ್ನ ನಿಶ್ಚಯ ಇನ್ನೊಂದು ವಾರ ಇದೆ ಎನ್ನುವಾಗ ಗಿಟಾರು ಹೆಗಲಿಗೆ ಹಾಕಿಕೊಂಡು ರೈಲು ಹತ್ತಿದವನು ನೀನು. ತೊಟ್ಟಿಲಲ್ಲೇ ಆಡಿದ ಮಾತು ಮುರಿಯಿತೆಂದು ಅಪ್ಪ ತಂಗಿಯ ಮನೆಯ ಹೊಸ್ತಿಲು ತುಳಿದಿರಲಿಲ್ಲ. ಆ ಹುಡುಗಿಯೋ, ನೀನು ಬಂದೇ ಬರುತ್ತೀಯ ಎಂದು ಇನ್ನೂ ಕೂತಿದ್ದಾಳೆ. ಇಂಥದ್ದರ ನಡುವೆ ನಾನು ರೇಡಿಯೋ ಮಾತು ಎತ್ತಿದಾಗ, "ರಾಜ್ಯಕ್ಕ ಕರ್ನಾಟಕ ಅಂತ ಹೆಸರಿಟ್ಟು ತಿಂಗಳಾಗಿಲ್ಲ. ಕನ್ನಡ ಕನ್ನಡ ಅಂತ ನಾವು ಲಾಠಿ ಏಟು ತಿಂದದ್ದು ಈ ಇಂಗ್ಲಿಷ್ ಗದ್ದಲ ಕೇಳಾಕೇನು?" ಎಂದು ಎಗರಿಬಿದ್ದ. ನಾನೂ ಅವನ ಮಗಳೇ. ಒಂದೊಂದು ಮಾತನ್ನೂ ಕನ್ನಡದಲ್ಲೇ ಬರೆದಿದ್ದೇನೆ, ಏಕೀಕರಣದ ದಿನ, ಅಪ್ಪಾ, ನಿನ್ನ ಹೆಗಲ ಮೇಲೆ ಕೂತು ಗದಗ ತುಂಬ ಹಾಡಿದ ಹುಡುಗನ ದನಿ ಐದನೆಯ ಹಾಡಿನಲ್ಲಿದೆ, ಬೇಕಾದರೆ ಕೇಳು, ಬೇಡವಾದರೆ ಬಿಡು ಎಂದೆ. ಅವನು ಮಗ್ಗದಲ್ಲಿ ಹರಿದಿದ್ದ ಎಳೆಯೊಂದನ್ನು ಗಂಟು ಹಾಕಿದ. ಕೊನೆಗೆ, "ಒಂದ ಸಲ ಕೇಳ್ತೀನಿ. ಮನಸ್ಸಿಗೆ ಬರಲಿಲ್ಲಂದ್ರ ಅವನ ಸುದ್ದಿ ಈ ಮನ್ಯಾಗ ಮತ್ತ ತಗೀಬ್ಯಾಡ್ರಿ, ನೀನೂ ನಿಮ್ಮವ್ವನೂ," ಎಂದ. ಅಪ್ಪನ ಮಾತು ನಿನಗೆ ಗೊತ್ತಲ್ಲ, ಆಡಿದರೆ ಆಡಿದ್ದೇ.

ಆ ಐದನೆಯ ಹಾಡಿಗೆ ಬರುತ್ತೇನೆ, ತಡೆ. ನಮ್ಮಲ್ಲಿ ರೆಕಾರ್ಡ್ ಪ್ಲೇಯರ್ ಎಲ್ಲಿದೆ? ಎದುರುಮನೆಯ ರಸೂಲಬಿ ಚಿಗವ್ವನದನ್ನೇ ತಂದು ಕೇಳಿ ಕೇಳಿ ಬರೆದೆ. ನಾಲ್ಕು ಹಾಡು ದೊಡ್ಡ ರೆಕಾರ್ಡ್ ತಟ್ಟೆಗಳಲ್ಲಿದ್ದವು. ಮೊದಲನೆಯದಕ್ಕೆ ಹೀಗೆ ಬರೆದೆ: ಇದರಲ್ಲಿ ಮೂರೇ ಸ್ವರಗುಚ್ಛ, ಎಂದರೆ ಒಮ್ಮೆಗೇ ಮೀಟುವ ಸ್ವರಗಳ ಗೊಂಚಲು, ಅವೇ ಹನ್ನೆರಡು ಆವರ್ತದಲ್ಲಿ ಸುತ್ತಿ ಸುತ್ತಿ ಬರುತ್ತವೆ. ನಾವು ಒಂದನೆಯ ಪೆಟ್ಟಿಗೆ ಕೈ ತಟ್ಟುತ್ತೇವೆ, ಇವರ ಡ್ರಮ್ಮು ಎರಡಕ್ಕೂ ನಾಲ್ಕಕ್ಕೂ ಜೋರಾಗಿ ಬೀಳುತ್ತದೆ, ಅಲ್ಲಿ ತೊಡೆ ತಟ್ಟಿ ನೋಡಿ. ಎರಡನೆಯದು ಬಂದರಿನ ಊರಿನ ನಾಲ್ಕು ಹುಡುಗರದು. ಬೇರೆಯವರು ಬರೆದದ್ದನ್ನು ಹಾಡುವುದು ಬಿಟ್ಟು ತಮ್ಮ ಹಾಡು ತಾವೇ ಕಟ್ಟಿದರು, ಮೂರು ಕೊರಳು ಒಮ್ಮೆಗೇ ಬೇರೆ ಬೇರೆ ಸ್ವರದಲ್ಲಿ ಕೂಡುತ್ತವೆ. ಮೂರನೆಯವನು ಬಾಯಿಬಾಜಾ ಊದುತ್ತ ಊರೂರು ಹಾಡುತ್ತಿದ್ದವನು, ಗಿಟಾರಿಗೆ ಕರೆಂಟು ಕೊಟ್ಟ ದಿನ ಅವನ ಮಂದಿಯೇ ಅವನನ್ನು ಕೂಗಿ ಬೈದರು. ಅದು ಬಹಳ ಉದ್ದ, ಪೂರ್ತಿ ಹಾಕಿದರೆ ಉಳಿದವಕ್ಕೆ ಜಾಗ ಇಲ್ಲ, ನುಡಿ ಮುಗಿದಲ್ಲಿ ದನಿ ಇಳಿಸಬೇಕೆಂದು ಸ್ಕ್ರಿಪ್ಟಿನ ಅಂಚಿನಲ್ಲಿ ಬರೆದೆ. ನಾಲ್ಕನೆಯದರಲ್ಲಿ ನಮ್ಮ ಸಿತಾರಿದೆ. ಒಂದೇ ಟೇಪಿನ ಮೇಲೆ ನಾಲ್ಕು ಸಾಲು, ಒಂದರಲ್ಲಿ ಇವತ್ತಿನ ಡ್ರಮ್ಮು, ಇನ್ನೊಂದರಲ್ಲಿ ನಾಳೆಯ ಕೊರಳು, ನಡುವೆ ಟೇಪನ್ನೇ ಹಿಂದುಮುಂದಾಗಿ ಓಡಿಸಿದ ಗಿಟಾರು. ಎಷ್ಟು ಕಷ್ಟಪಟ್ಟೆ ಗೊತ್ತೇನೋ ಇದನ್ನು ದೊಡ್ಡವ್ವನಿಗೆ ತಿಳಿಸಲು!

ಐದನೆಯದು ನಿನ್ನ ತಂಡದ ಸಣ್ಣ ತಟ್ಟೆ. ಹೊದಿಕೆ ಇಲ್ಲ, ಹೆಸರಿಲ್ಲ, ಜೊತೆಗೆ ನಿನ್ನ ಒಂದು ಚೀಟಿ: ಐದನೆಯದನ್ನು ಅಪ್ಪನಿಗೆ ತಪ್ಪದೆ ಕೇಳಿಸು. ಹಾಕಿದರೆ ದಪ್ಪ ಗಂಡುದನಿ, ನಿಧಾನ, ಎದೆ ಭಾರವಾದವನು ಹಾಡಿದ ಹಾಗೆ. ನಾನು ಅತ್ತೆ ಕಣೋ. ಸಿಗರೇಟು ಸೇದಿ ಸೇದಿ ನನ್ನ ತಮ್ಮ ಕೊರಳನ್ನು ಹೀಗೆ ಮಾಡಿಕೊಂಡನಲ್ಲ ಎಂದು ಬೈದುಕೊಂಡೂ ಅತ್ತೆ. ಗಿಟಾರು ಒರಟಾಗುವುದನ್ನು ವಿವರಿಸಲು, ಮದುವೆಮನೆಯ ಮೈಕಿಗೆ ಬಾಯಿ ಹಚ್ಚಿ ಕೂಗಿದರೆ ಸ್ಪೀಕರು ತಾಳಲಾರದೆ ದನಿ ಹರಿಯುತ್ತದಲ್ಲ, ಇವರು ಬೇಕೆಂದೇ ಹಾಗೆ ಮಾಡುತ್ತಾರೆ ಎಂದು ಬರೆದೆ. ಹತ್ತು ವರ್ಷ ಓಡಿದ ಸಂಗೀತ ಇಲ್ಲಿ ದಣಿದು ಕೂತು ಮನೆಯನ್ನು ನೆನೆಯುತ್ತದೆ, ಹಾಡಿದವನು ಬೆಟಗೇರಿಯ ಈಶಪ್ಪ ಎಂದು ಮುಗಿಸಿದೆ. ಗಡಿಯಾರ ಹಿಡಿದು ಎಲ್ಲ ಹಾಡುಗಳ ಹೊತ್ತನ್ನೂ ಬರೆದುಕೊಂಡೆ.

ಶನಿವಾರ ಮಧ್ಯಾಹ್ನ ಧಾರವಾಡದ ಸ್ಟುಡಿಯೋದಲ್ಲಿ ತಾಲೀಮು. ಹೇಮಪ್ಪ ಎಂಬ ಇಂಜಿನಿಯರು, ನಮ್ಮ ಊರ ಹತ್ತಿರದ ಹರ್ತಿಯವರೇ, ಗಾಜಿನ ಆಚೆ ಎರಡು ಪ್ಲೇಯರಿನ ನಡುವೆ ಕೂತಿದ್ದರು. ಸೂಜಿಯನ್ನು ಹಾಡಿನ ಮೊದಲ ಸದ್ದಿಗೆ ತಂದು, ತಟ್ಟೆಯನ್ನು ಕಾಲು ಸುತ್ತು ಹಿಂದಕ್ಕೆ ತಿರುಗಿಸಿ ನಿಲ್ಲಿಸುವುದು, ನನ್ನ ಮಾತಿನ ಕೊನೆಯ ಶಬ್ದಕ್ಕೆ ಬಿಡುವುದು. ಆ ಕೊನೆಯ ಶಬ್ದಗಳಿಗೆ ಅವರ ಪ್ರತಿಯಲ್ಲಿ ಕೆಂಪು ಗೆರೆ. ನಾಲ್ಕೂ ಸರಿಯಾದವು. ಐದನೆಯದಕ್ಕೆ "ಹಾಡಿದವನು ಬೆಟಗೇರಿಯ ಈಶಪ್ಪ" ಎಂದು ನಿಲ್ಲಿಸಿದೆ. ಹೇಮಪ್ಪನವರು ಬಿಟ್ಟರು.

ಹುಡುಗಿ, ಈಶೂ! ಒಬ್ಬ ಹುಡುಗಿ ಹಾಡುತ್ತಿದ್ದಾಳೆ! ಚುರುಕಾಗಿ, ಎಳೆ ಕೊರಳಿನಲ್ಲಿ, ನಗುತ್ತಿದ್ದಾಳೋ ಎನ್ನುವ ಹಾಗೆ. ನಾನು ತಟ್ಟೆ ಬೇರೆಯೆಂದು ಜಗಳಕ್ಕೇ ಬಿದ್ದೆ. ಹೇಮಪ್ಪನವರು ತಟ್ಟೆ ಎತ್ತಿ ಲೇಬಲ್ಲು ತೋರಿಸಿದರು. "ನಲವತ್ತೈದು ಅಂತ ಐತಲ್ರಿ ಬಾಯಾರ. ನಿಮಿಷಕ್ಕ ನಲವತ್ತೈದು ಸುತ್ತು. ನೀವು ದೊಡ್ಡ ತಟ್ಟಿ ವೇಗದಾಗ ಕೇಳೀರಿ, ಮೂವತ್ಮೂರರಾಗ. ಹಂಗ ಹಾಕಿದ್ರ ಹೆಣ್ಣ ದನಿ ಗಂಡಸಿನ ದನಿ ಆಗ್ತೈತ್ರಿ." ಆ ನಲವತ್ತೈದನ್ನು ನಾನು ನೋಡಿರಲಿಲ್ಲವೆಂದಲ್ಲ, ತಟ್ಟೆಯ ನಂಬರು ಎಂದುಕೊಂಡಿದ್ದೆ. ರಸೂಲಬಿ ಚಿಗವ್ವನ ಪ್ಲೇಯರಿನ ವೇಗದ ಕಡ್ಡಿ ಸಡಿಲಾಗಿ ಜಾರುತ್ತದೆಂದು ಅವಳ ಗಂಡ ಬದುಕಿದ್ದಾಗ ಮೂವತ್ಮೂರಕ್ಕೆ ಮಗ್ಗದ ಹಾಸಿನ ನೂಲು ಸುತ್ತಿ ನೇಕಾರರ ಗಂಟು ಹಾಕಿಟ್ಟಿದ್ದ. ನಮ್ಮ ಓಣಿಯಲ್ಲಿ ಏನು ಮುರಿದರೂ ನೂಲಿನಲ್ಲೇ ಕಟ್ಟುವುದು, ಕಟ್ಟಿದ್ದನ್ನು ಯಾರೂ ಬಿಚ್ಚುವುದಿಲ್ಲ.

ದನಿ ತಪ್ಪು, ಬರೆದದ್ದು ತಪ್ಪು, ಹೊತ್ತಿನ ಲೆಕ್ಕವೂ ತಪ್ಪು. ಸರಿಯಾದ ವೇಗದಲ್ಲಿ ಹಾಡು ಬೇಗ ಮುಗಿದು ಹೆಚ್ಚುಕಡಿಮೆ ಒಂದು ನಿಮಿಷ ಖಾಲಿ ಬೀಳುತ್ತದೆ, ರೇಡಿಯೋದಲ್ಲಿ ಅಷ್ಟು ಮೌನ ಎಂದರೆ ಊರೆಲ್ಲ ರೇಡಿಯೋ ಕೆಟ್ಟಿತೆಂದು ತಟ್ಟುತ್ತದೆ. ಹೇಮಪ್ಪನವರು ಕನಿಕರದಿಂದ, "ನಿಧಾನ ವೇಗದಾಗ ಹಾಕಲೇನ್ರಿ? ಯಾರಿಗೂ ತಿಳಿಯಂಗಿಲ್ಲ, ನಿಮ್ಮ ಸ್ಕ್ರಿಪ್ಟೂ ಹೊಂದತೈತಿ," ಎಂದರು. ಸುಳ್ಳೇಕೆ, ನನಗೆ ಆಸೆಯಾಯಿತು. ಅಪ್ಪ ಅಲ್ಲಿ ಮಗನ ದನಿಗೆ ಕಿವಿ ಕೊಟ್ಟು ಕೂತಿರುತ್ತಾನೆ, ಒಂದೇ ಸಲ. ಗಂಡುದನಿ ಕೇಳಿಸಿದರೆ ಕರಗುತ್ತಾನೆ, ಯಾವಳೋ ಹುಡುಗಿಯದಾದರೆ ಎದ್ದು ಹೋಗುತ್ತಾನೆ. ಆದರೆ ಈಶೂ, ನೀವೆಲ್ಲ ಬೆವರು ಸುರಿಸಿ ಕಟ್ಟಿದ ಹಾಡನ್ನು ಊರ ಮುಂದೆ ಕುಂಟಿಸಲು ನನ್ನಿಂದ ಆಗಲಿಲ್ಲ. ಒಪ್ಪಿಗೆಯಾದ ಸ್ಕ್ರಿಪ್ಟು ನನ್ನಿಷ್ಟಕ್ಕೆ ತಿದ್ದುವ ಹಾಗಿಲ್ಲ. ಅಧಿಕಾರಿಗಳ ಕೋಣೆಗೆ ಓಡಿದೆ. ಅವರು ಗಡಿಯಾರ ನೋಡಿ, ತಲೆ ಹಿಡಿದುಕೊಂಡು, ಕೊನೆಗೆ ಹೊಸ ಸಾಲುಗಳ ಕೆಳಗೆ ಸಹಿ ಹಾಕಿದರು.

ನೇರ ಪ್ರಸಾರ. ಕೆಂಪು ದೀಪ ಹತ್ತಿದಾಗ ಹಾಳೆ ಸದ್ದು ಮಾಡದಿರಲೆಂದು ಬಿಡಿಬಿಡಿಯಾಗಿ ಹಿಡಿದಿದ್ದೆ. ಐದನೆಯದು ಬಂತು. ಮೊದಲು ಇದನ್ನು ಸ್ವಲ್ಪ ಕೇಳಿ ಎಂದೆ. ಹೇಮಪ್ಪನವರು ನಿಧಾನ ವೇಗದಲ್ಲಿ ಬಿಟ್ಟು ಆ ಭಾರದ ದನಿಯನ್ನು ಮೆಲ್ಲಗೆ ಇಳಿಸಿದರು. ಇನ್ನು ಅವರು ಸೂಜಿ ಎತ್ತಿ, ವೇಗ ಬದಲಿಸಿ, ತಟ್ಟೆಯನ್ನು ಮತ್ತೆ ಮೊದಲಿಗೆ ತರುವವರೆಗೆ ನಾನು ಮಾತಾಡಬೇಕು. ಕೇಳುಗರೇ, ನಮ್ಮ ಓಣಿಯಲ್ಲಿ ನಾನು ಇದನ್ನು ಹೀಗೆ ಕೇಳಿದೆ, ತಟ್ಟೆಯನ್ನು ತಪ್ಪು ವೇಗದಲ್ಲಿ ತಿರುಗಿಸಿದ್ದೆ, ದಣಿದದ್ದು ಹಾಡಲ್ಲ, ನನ್ನ ಯಂತ್ರ ಎಂದೆ. ಗಾಜಿನಾಚೆ ಸೂಜಿ ಜಾರಿತು, ಅವರು ಮತ್ತೆ ಹುಡುಕುತ್ತಿದ್ದರು. ಬರೆದದ್ದು ಮುಗಿಯಿತು. ಬಾಯಿಗೆ ಬಂದದ್ದನ್ನೇ ಹೇಳಿದೆ: ಇದರಲ್ಲಿ ಹಾಡುವ ಕೊರಳು ಬೆಟಗೇರಿಯದಲ್ಲ, ಆದರೆ ಗಿಟಾರಿನ ಮೇಲಿನ ಬೆರಳು ನಮ್ಮ ಮಗ್ಗದ ಮನೆಯವು, ಹುಡುಗನ ಹೆಸರು ಈಶಪ್ಪ. ಹೇಮಪ್ಪನವರ ಬೆರಳು ಸಿದ್ಧವೆಂದು ಮೇಲೆದ್ದಿತು. ಹಾಡು ಬಂತು. ಖಾಲಿ ನಿಮಿಷ ತುಂಬಿಹೋಗಿತ್ತು.

ಅಪ್ಪ ರಸೂಲಬಿ ಚಿಗವ್ವನ ಮನೆಯಲ್ಲಿ ಕೂತು ಕೇಳಿದನಂತೆ. ಅವ್ವ ಹೆದರಿ ಆ ಕಡೆ ಹೋಗಲೇ ಇಲ್ಲ. ತಿರುಗಿ ಬಂದವನು ಅವಳ ಹತ್ತಿರ ಒಂದು ಮಾತೂ ಆಡದೆ ಮಲಗಿ, ಮರುದಿನ ಧಾರವಾಡದಿಂದ ನಾನು ಬರುವ ಮೊದಲೇ ಮುಂಡರಗಿಯ ಬಸ್ಸು ಹತ್ತಿದ್ದಾನೆ, ಹನಮವ್ವತ್ತೆಯ ಮನೆಗೆ! ನಿನ್ನ ನಿಶ್ಚಯ ಮತ್ತೆ ಗಟ್ಟಿ ಮಾಡಲು ಹೋದನೋ, ನಿನ್ನನ್ನು ಪೂರ್ತಿ ಬಿಟ್ಟೆನೆಂದು ಹೇಳಲು ಹೋದನೋ ತಿಳಿಯುತ್ತಿಲ್ಲ. ಚಿಗವ್ವನನ್ನು ಕೇಳೋಣವೆಂದರೆ ಅವಳು ಬೀಗ ಹಾಕಿ ಶಿರಹಟ್ಟಿಗೆ ಮಗಳ ಮನೆಗೆ ಹೋಗಿದ್ದಾಳೆ. ನಾನು ಮಾಡಿದ್ದು ಸರಿಯೋ ತಪ್ಪೋ, ನಿನ್ನ ದಾರಿಯನ್ನು ನನ್ನ ಕೈಯಾರೆ ಮುಚ್ಚಿದೆನೋ ಏನೋ. ಕೆಮ್ಮಿಗೆ ಶುಂಠಿ ಕುದಿಸಿ ಕುಡಿ. ಅವ್ವ ನಿನ್ನ ತಲೆ ಮೇಲೆ ಕೈಯಿಟ್ಟಳೆಂದು ತಿಳಿದುಕೋ ಎಂದು ಬರೆಯಲು ಹೇಳುತ್ತಿದ್ದಾಳೆ.

ನಿನ್ನ ಅಕ್ಕ,
ಅಮೃತವ್ವ

ತಾ.ಕ.: ಅವಸರ, ಮುಂಡರಗಿಯಿಂದ ಈಗ ಬಂದ ಅಪ್ಪ ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲೇ ನಿಂತಿದ್ದಾನೆ, ಈ ಪತ್ರ ತಾನೇ ಡಬ್ಬಿಗೆ ಹಾಕುತ್ತಾನಂತೆ. ಚಿಗವ್ವ ಈಗಷ್ಟೇ ಬಂದು ಎಲ್ಲ ಹೇಳಿದಳು. ಆ ನಿಧಾನದ ದನಿ ಬಂದಾಗಲೇ, ನಾನು ಬಾಯಿ ಬಿಡುವ ಮೊದಲೇ, ಅಪ್ಪ "ಇದು ನಮ್ಮ ಈಶ್ಯಾನ ದನಿ ಅಲ್ಲ" ಎಂದನಂತೆ. ನಿನ್ನ ಹೆಸರು ಹಿಡಿದು! ಆಮೇಲೆ ಹುಡುಗಿ ಹಾಡುವಾಗ ಎರಡನೆಯ ಪೆಟ್ಟಿಗೂ ನಾಲ್ಕನೆಯದಕ್ಕೂ ಸರಿಯಾಗಿ ತೊಡೆ ತಟ್ಟಿದನಂತೆ. ಮುಗಿದ ಮೇಲೆ, "ಈಕಿ ಸಲುವಾಗೇ ಹೋಗ್ಯಾನ ಅವ" ಎಂದಷ್ಟೇ ಹೇಳಿ ಎದ್ದನಂತೆ. ಮುಂಡರಗಿಗೆ ಹೋದದ್ದು, ಅಪ್ಪನೇ ಈಗ ಹೇಳಿದ, ತಂಗಿಯ ಕಾಲು ಮುಟ್ಟಿ, ನಮ್ಮ ಹುಡುಗನ ದಾರಿ ಕಾಯಬ್ಯಾಡ, ಮಗಳಿಗೆ ಬ್ಯಾರೆ ವರ ನೋಡವ್ವಾ ಎಂದು ಹೇಳಲು. ಅತ್ತೆ ಅತ್ತಳಂತೆ, ಊಟ ಹಾಕಿಯೇ ಕಳಿಸಿದಳಂತೆ. ಐದನೆಯದನ್ನು ಅಪ್ಪನಿಗೆ ಕೇಳಿಸು ಎಂದು ಬರೆದದ್ದು ಇದಕ್ಕೇ ತಾನೆ, ಕಳ್ಳಾ? ಯಾರೋ ಆಕೆ? ಖರೆ ಬರಿ. ಅಪ್ಪ ಅಲ್ಲಿಂದಲೇ ಕೂಗುತ್ತಿದ್ದಾನೆ: "ಆ ಹುಡುಗಿ ಜ್ವಾಳದ ರೊಟ್ಟಿ ತಿಂತಾಳೇನು ಕೇಳು."