ಪೆಟ್ಟು ಅವರಿಗೆ ಬಿದ್ದಿರಲಿಲ್ಲ

ಹಾಸ್ಟೆಲ್ಲಿನ ಮೇಲಿನ ಮಹಡಿ, ಮೂಲೆಯ ಕೋಣೆ
ಮಾರ್ಚ್ ೧೪, ಶನಿವಾರ

ಪ್ರೀತಿಯ ಅಕ್ಕಾ,

ಕಿವಿ ಹೇಗಿದೆ? ಮೊದಲು ಅದನ್ನು ಹೇಳು. ತಲೆಗೆ ನೀರು ಹಾಕಿಕೊಳ್ಳುವಾಗ ಹತ್ತಿ ಇಟ್ಟುಕೊಳ್ಳುತ್ತೀಯೋ, ಇಲ್ಲ ಎಂದಿನಂತೆ "ಏನಾಗಲ್ಲ ಬಿಡೇ" ಎಂದು ಸುಮ್ಮನಿರುತ್ತೀಯೋ? ಪ್ರಯೋಗಾಲಯದಲ್ಲಿ ಎಡಗಡೆಯಿಂದ ಯಾರಾದರೂ ಕರೆದರೆ ಕೇಳಿಸುವುದಿಲ್ಲ ಎಂದು ಬರೆದಿದ್ದೆ. ದಿನವಿಡೀ ಕಂಡವರ ರಕ್ತ ಪರೀಕ್ಷೆ ಮಾಡುತ್ತೀಯ, ಅದೇ ಆಸ್ಪತ್ರೆಯಲ್ಲಿ ಎರಡು ಮೆಟ್ಟಿಲು ಇಳಿದು ಕಿವಿಯ ಡಾಕ್ಟರಿಗೆ ತೋರಿಸಲು ನಿನಗೆ ಪುರುಸೊತ್ತಿಲ್ಲ. ಬೈಯುತ್ತಿದ್ದೇನೆ ಎಂದುಕೊಳ್ಳಬೇಡ. ಬೈಯಬೇಕಾದವರ ಪಟ್ಟಿಯಲ್ಲಿ ನೀನು ಕಟ್ಟಕಡೆಯವಳು.

ಪಟ್ಟಿಯಲ್ಲಿ ಮೊದಲಿನವರು ನಮ್ಮ ಚರ್ಚಿನ ಸಭೆಯ ಶಿಸ್ತು ಸಮಿತಿಯವರು. ಅವರು ನಿನಗೆ ಕೊಟ್ಟ ಮಾತುಗಳನ್ನು ನೀನು ಮರೆತಿರಬಹುದು, ನಾನು ಮರೆತಿಲ್ಲ. ನಿನ್ನನ್ನು ಕೂರಿಸಿಕೊಂಡು ನಿನ್ನ ಬಾಯಿಂದಲೇ ಕೇಳುತ್ತೇವೆ ಎಂದರು, ಕೇಳಲಿಲ್ಲ. ವಿಚಾರಣೆ ಮುಗಿಯುವ ತನಕ ನಿನ್ನ ಕಿವಿಗೆ ಹೊಡೆದವನನ್ನು ಗಾಯನ ತಂಡದ ಮುಂದೆ ನಿಲ್ಲಿಸುವುದಿಲ್ಲ ಎಂದರು. ಎರಡನೆಯ ಭಾನುವಾರವೇ ನಿಲ್ಲಿಸಿದರು. ನಿನ್ನ ಚಿಕಿತ್ಸೆಯ ಹೊಣೆ ಅವನ ತಲೆಗೆ ಕಟ್ಟುತ್ತೇವೆ ಎಂದರು. ಕಟ್ಟಲಿಲ್ಲ, ನಿನಗಾಗಿ ಪ್ರಾರ್ಥನೆ ಮಾಡಿದರು. ಪೊಲೀಸರ ಬಳಿ ಹೋಗುವುದು ನಿನ್ನಿಷ್ಟ ಎಂದರು. ಈಗ ನೀನು ಪೊಲೀಸರಿಗೆ ಕೊಟ್ಟ ದೂರು ಹಿಂದಕ್ಕೆ ತೆಗೆದುಕೊಂಡು ಗಂಡನ ಮನೆಗೆ ಮರಳಬೇಕೆಂದು ನಿರ್ಣಯ ಮಾಡಿದ್ದಾರೆ.

ಆ ನಿರ್ಣಯ ಹುಟ್ಟಿದ ಬಗೆಯನ್ನು ಕೇಳು. ಅವನು, ಅಂದರೆ ನಿನ್ನ ಗಂಡ (ಭಾವ ಎನ್ನಲು ನನ್ನ ನಾಲಿಗೆ ಹೊರಳುವುದಿಲ್ಲ), ಆರಾಧನೆಯ ಮಧ್ಯೆ ಎದ್ದು ನಿಂತು ಅತ್ತ. "ನಾನು ಪಾಪಿ. ಆದರೆ ನನಗೆ ಬೀಳಬೇಕಾದ ದಂಡನೆಯನ್ನು ಕರ್ತನು ಶಿಲುಬೆಯ ಮೇಲೆ ಆಗಲೇ ಹೊತ್ತು ಮುಗಿಸಿದ್ದಾನೆ" ಎಂದ. ಹಿರಿಯರು ಸಾಲಾಗಿ ಹೋಗಿ ಅಪ್ಪಿಕೊಂಡರು. ಒಬ್ಬನ ಬಾಯಲ್ಲೂ ನಿನ್ನ ಮಾತಿಲ್ಲ. ಮರುದಿನವೇ ಸಮಿತಿ ಬರೆಯಿತು: ಶಿಲುಬೆಯಲ್ಲಿ ಒಮ್ಮೆ ತೀರಿದ ದಂಡನೆಯನ್ನು ಮತ್ತೆ ಕೇಳುವುದು ಸುವಾರ್ತೆಗೆ ವಿರುದ್ಧ. ಕೆಳಗೆ ಬೋಧನಾ ಸಲಹೆಗಾರರ ಸಹಿ. ಆ ಸಹಿ ಇಲ್ಲದೆ ಸಮಿತಿಯ ಯಾವ ನಿರ್ಣಯವೂ ನಿಲ್ಲುವುದಿಲ್ಲ. ಸಲಹೆಗಾರರು ಯಾರು ಗೊತ್ತೇನೆ? ಇಲ್ಲಿ ಸೆಮಿನರಿಯಲ್ಲಿ ನಮಗೆ ಕ್ರಮಬದ್ಧ ದೈವಶಾಸ್ತ್ರ ಪಾಠ ಮಾಡುವ ಮೇಷ್ಟ್ರು!

ಅದೇ ವಾರ ಅದೇ ಮೇಷ್ಟ್ರು ಪ್ರಬಂಧ ಕೊಟ್ಟರು: ಪ್ರಾಯಶ್ಚಿತ್ತದ ಸಿದ್ಧಾಂತಗಳನ್ನು ಹೋಲಿಸಿ ಬರೆಯಿರಿ. ಕ್ರಿಸ್ತನ ಸಾವು ನಮ್ಮನ್ನು ದೇವರೊಡನೆ ಒಂದು ಮಾಡಿದ್ದು ಹೇಗೆ ಎಂಬ ಪ್ರಶ್ನೆಗೆ ಎರಡು ಸಾವಿರ ವರ್ಷಗಳಲ್ಲಿ ಸಿಕ್ಕ ಉತ್ತರಗಳು ಅವು. ನನಗೆ ನಗಬೇಕೋ ಮೇಜು ಒದೆಯಬೇಕೋ ತಿಳಿಯಲಿಲ್ಲ. ಗ್ರಂಥಾಲಯದ ಕಾಲು ಮುರಿದ ಕುರ್ಚಿಯಲ್ಲಿ ಕೂತು ಓದಿದೆ. ಒಂದೊಂದು ಸಿದ್ಧಾಂತವನ್ನೂ ತೆಗೆದುಕೊಂಡು ಕೇಳಿದೆ: ನಮ್ಮ ಅಕ್ಕನ ವಿಷಯದಲ್ಲಿ ನೀನು ಏನು ಹೇಳುತ್ತೀಯ, ಬೊಗಳು.

ಎಲ್ಲಕ್ಕಿಂತ ಹಳೆಯ ಕೆಲವು ಗುರುಗಳು ಹೇಳಿದ್ದು, ಮನುಷ್ಯ ಸೈತಾನನ ಸೆರೆಯಲ್ಲಿದ್ದ, ಕ್ರಿಸ್ತನ ಪ್ರಾಣವೇ ಬಿಡುಗಡೆಗಾಗಿ ತೆತ್ತ ಈಡು ಎಂದು. ಈಡನ್ನು ಯಾರಿಗೆ ಕೊಟ್ಟದ್ದು ಎಂಬಲ್ಲಿ ಅವರಿಗೇ ಜಗಳ. ಸೈತಾನನಿಗೆ ಎಂದ ಒಬ್ಬ ಬಿಷಪ್; ದೇವರು ಕ್ರಿಸ್ತನ ದೈವತ್ವವನ್ನು ಮಾಂಸದೊಳಗೆ ಗಾಳದಂತೆ ಬಚ್ಚಿಟ್ಟು ಅವನಿಗೆ ನುಂಗಿಸಿದನಂತೆ. ದರೋಡೆಕೋರನಿಗೆ ಬೆಲೆ ಕಟ್ಟಿಕೊಡುವುದೇ, ಥೂ ಎಂದ ಅವನ ಸ್ನೇಹಿತ. ಆದರೆ ಈಡಿನ ಲೆಕ್ಕ ಬಿಟ್ಟು ಒಳಗಿನ ತಿರುಳು ನೋಡು: ಶಿಲುಬೆ ಎಂದರೆ ಪಾಪ, ಸಾವು, ಸೈತಾನರ ಮೇಲಿನ ಗೆಲುವು, ಸೆರೆಯ ಬಾಗಿಲು ಒಡೆಯುವ ಕೆಲಸ. ಬಿಡಿಸಿಕೊಂಡು ಬಂದವಳನ್ನು ಮತ್ತೆ ಅದೇ ಕೋಣೆಗೆ ನೂಕುವುದು ಯಾವ ಗೆಲುವು?

ಆಮೇಲೆ ಒಬ್ಬ ಮಠದ ಹಿರಿಯ ಬಂದ. ಸೈತಾನನಿಗೆ ನಾವು ಏನೂ ಕೊಡಬೇಕಿಲ್ಲ. ಪಾಪವೆಂದರೆ ದೇವರಿಗೆ ಸಲ್ಲಬೇಕಾದ ಗೌರವವನ್ನು ಸಲ್ಲಿಸದಿರುವುದು ಎಂದ. ಕಸಿದದ್ದನ್ನು ಹಿಂದಿರುಗಿಸಿದರೆ ಸಾಲದು, ಮಾಡಿದ ಅವಮಾನಕ್ಕೆ ಅದಕ್ಕಿಂತ ಹೆಚ್ಚು ಕೊಡಬೇಕು. ಕೊಡಬೇಕಾದವನು ಮನುಷ್ಯ, ಕೊಡಬಲ್ಲವನು ದೇವರೊಬ್ಬನೇ. ಅದಕ್ಕೇ ದೇವರು ಮನುಷ್ಯನಾದ. ಪಾಪವಿಲ್ಲದವನು ಸಾಯಬೇಕಾಗಿರಲಿಲ್ಲ, ಆದರೂ ಪ್ರಾಣ ಕೊಟ್ಟ. ಅದೇ ಆ ಹೆಚ್ಚು. ಅವನ ಲೆಕ್ಕದಲ್ಲಿ ದಂಡನೆ ಬೇರೆ, ಪರಿಹಾರ ಬೇರೆ: ಒಂದಾದರೆ ಇನ್ನೊಂದಿಲ್ಲ. ನಮ್ಮ ಸಮಿತಿಯವರು ಎರಡನ್ನೂ ಕಲಸಿ ಒಂದನ್ನೂ ಕೇಳದೆ ಎದ್ದು ಹೋದರು. ನಿನ್ನ ಗಂಡನಿಂದ ನಿನಗೆ ಪರಿಹಾರವೂ ಇಲ್ಲ, ಅವನಿಗೆ ದಂಡನೆಯೂ ಇಲ್ಲ, ಮೇಲೆ ಗಾಯನ ತಂಡದ ಮುಂದೆ ಹಾರ್ಮೋನಿಯಂ!

ಆ ಮಠದ ಹಿರಿಯನ ಬೆನ್ನಿಗೇ ಬಂದ ತರ್ಕದ ಮೇಷ್ಟ್ರೊಬ್ಬ, ಇದು ಪ್ರೀತಿಯ ಪ್ರದರ್ಶನ ಎಂದ: ಅಷ್ಟು ದೊಡ್ಡ ಪ್ರೀತಿಯನ್ನು ಕಂಡು ನಮ್ಮ ಎದೆ ಕರಗಿ ಪ್ರೀತಿಸಲು ಕಲಿಯುತ್ತದೆ. ಇದನ್ನೇ ಪಾಸ್ಟರಮ್ಮ ನಿನಗೆ ಹೇಳಿದ್ದು, "ಕರ್ತನು ಸಹಿಸಲಿಲ್ವೇನಮ್ಮಾ, ನೀನೂ ಸಹಿಸಿಕೋ." ಸುಳ್ಳು ಕಣೇ. ಆ ಸಿದ್ಧಾಂತದಲ್ಲಿ ಕರಗಬೇಕಾದದ್ದು ಪಾಪಿಯ ಎದೆ, ಪೆಟ್ಟು ತಿಂದವಳ ಬೆನ್ನೆಲುಬಲ್ಲ. ಇನ್ನೂ ಎಷ್ಟೋ ಕಾಲದ ಮೇಲೆ ಒಬ್ಬ ವಕೀಲ ಬರೆದ: ದೇವರು ಲೋಕವನ್ನಾಳುವವನು, ಅವನು ಪುಕ್ಕಟೆ ಕ್ಷಮಿಸಿದರೆ ಕಾನೂನು ನಗೆಪಾಟಲಾಗುತ್ತದೆ, ಪಾಪ ಎಷ್ಟು ಘೋರ ಎಂದು ಎಲ್ಲರ ಕಣ್ಣಿಗೆ ಕಾಣಲೆಂದೇ ಶಿಲುಬೆ. ಗಾಯನ ತಂಡದ ಹುಡುಗಿಯರ ಕಣ್ಣಿಗೆ ಏನು ಕಂಡಿತು? ಹೊಡೆದರೆ ಅಳಬೇಕು, ಅತ್ತರೆ ಅಪ್ಪುಗೆ ಸಿಗುತ್ತದೆ.

ಉಳಿದದ್ದು ಬದಲಿ ದಂಡನೆ: ನಮಗೆ ಬೀಳಬೇಕಾದ ತೀರ್ಪನ್ನು ನಮ್ಮ ಬದಲು ಕ್ರಿಸ್ತ ಹೊತ್ತ. ನಿನ್ನ ಗಂಡ ಹಿಡಿದ ಕೊಡೆ ಇದೇ. ನಾನು ರೇಗಿ ಬರೆದೆ: ಇದು ಸಿಟ್ಟಿನ ಅಪ್ಪ ತಪ್ಪಿಲ್ಲದ ಮಗನನ್ನು ಬಡಿದ ಕಥೆ, ಮನೆಯಲ್ಲಿ ಬಡಿಯುವ ಗಂಡಸರಿಗೆ ಪರಲೋಕ ಕೊಟ್ಟ ಪರವಾನಗಿ. ಕೊನೆಯಲ್ಲಿ ನಿನ್ನ ಹೆಸರಿಲ್ಲದೆ ನಿನ್ನ ಸಂಗತಿಯನ್ನೂ ಸಮಿತಿಯ ನಿರ್ಣಯವನ್ನೂ ಇಟ್ಟೆ.

ನಮ್ಮ ತರಗತಿಯ ಪದ್ಧತಿ ನಿನಗೆ ಹೇಳಿದ್ದೇನೆ. ಬರೆದದ್ದನ್ನು ಎಲ್ಲರ ಮುಂದೆ ಓದಬೇಕು, ಒಬ್ಬ ಸಹಪಾಠಿ ಎದುರಾಳಿಯಾಗಿ ನಿಂತು ಸೀಳಬೇಕು. ಅವನು ಒಪ್ಪುವಂತಿಲ್ಲ, ತಪ್ಪು ಹುಡುಕುವುದೇ ಅವನ ಕೆಲಸ. ನನ್ನ ಪಾಲಿಗೆ ಬಂದವನು ತಕರಾರು. ನಾವೆಲ್ಲ ಅವನನ್ನು ಹಾಗೇ ಕರೆಯುವುದು; ಪ್ರಾರ್ಥನೆ ಮುಗಿದು ಆಮೆನ್ ಎನ್ನುವಾಗಲೂ ಒಂದು ಆಕ್ಷೇಪ ಇಟ್ಟುಕೊಂಡಿರುತ್ತಾನೆ. ಮೇಷ್ಟ್ರು ಮೊದಲೇ ನನ್ನನ್ನು ಕರೆದು, "ಸಿದ್ಧಾಂತ ಓದಮ್ಮಾ, ಸಂಸಾರ ಓದಬೇಡ. ಆ ಕೊನೇ ಪುಟ ತೆಗೆದುಬಿಡು" ಎಂದಿದ್ದರು. ತೆಗೆಯಲಿಲ್ಲ. ಓದುವಾಗ ಅವರ ಮುಖ ಸುಣ್ಣದ ಗೋಡೆ.

ತಕರಾರು ಎದ್ದ. ಬದಲಿ ದಂಡನೆಯ ಮೇಲೆ ನಾನು ಬರೆದದ್ದನ್ನು ಹಿಡಿದು ಜಾಡಿಸಿದ. "ನೀನು ಸೋಲಿಸಿರೋದು ಸಿದ್ಧಾಂತವನ್ನಲ್ಲ, ಬೆದರುಬೊಂಬೆಯನ್ನ. ಅಪ್ಪ ಒಬ್ಬ, ಮಗ ಇನ್ನೊಬ್ಬ ಅಂತ ಬೇರೆ ಮಾಡಿದ್ದು ಯಾರು? ಅದನ್ನು ಸರಿಯಾಗಿ ಹೇಳೋರು ಹೇಳೋದು ಬೇರೆ. ತಂದೆ ಮಗ ಇಬ್ಬರದೂ ಒಂದೇ ಚಿತ್ತ. ತೀರ್ಪು ಕೊಡೋ ನ್ಯಾಯಾಧೀಶನೇ ಕಟಕಟೆಗೆ ಇಳಿದು ತೀರ್ಪನ್ನು ತಾನೇ ಹೊತ್ತ. ಮೂರನೆಯವನನ್ನು ಹಿಡಿದು ಬಡಿಯಲಿಲ್ಲ." ನನಗೆ ಕೆಂಡ ಮುಟ್ಟಿದ ಹಾಗಾಯಿತು. ಯಾಕೆಂದರೆ ಅವನು ಹೇಳಿದ್ದು ಸರಿ. ಮೇಷ್ಟ್ರು ಸಮಾಧಾನದಿಂದ ಬೆನ್ನು ಹಿಂದಕ್ಕೆ ಒರಗಿಸಿದರು, ಹುಡುಗಿ ಸೋತಳು ಎಂದು.

ಆಗ ನನಗೆ ಬೆಳಕು ಬಿತ್ತು ಅಕ್ಕಾ. ನಾನು ನಿಂತಲ್ಲೇ ಹೇಳಿದೆ: ಸರಿ, ಒಪ್ಪಿದೆ, ನನ್ನ ಮಾತು ವಾಪಸ್. ಪಾಪದ ಪೆಟ್ಟು ಬಿದ್ದದ್ದು ದೇವರಿಗೆ, ಕ್ಷಮಿಸಿದವನೂ ದೇವರೇ, ಕ್ಷಮೆಯ ನೋವನ್ನು ಹೊತ್ತವನೂ ಅವನೇ. ಅವನ ಪರವಾಗಿ ಪಕ್ಕದ ಮನೆಯವನು ಕ್ಷಮಿಸಲಿಲ್ಲ. ಹಾಗಾದರೆ ಆ ಹೆಂಗಸಿನ ಕಿವಿಗೆ ಬಿದ್ದ ಪೆಟ್ಟನ್ನು ಕ್ಷಮಿಸಲು ಸಮಿತಿಯವರು ಯಾರು? ಅವರಿಗೇನು ಕೆನ್ನೆ ಊದಿತ್ತೇ? ಮೇಷ್ಟ್ರೇ, ದಂಡನೆ ಶಿಲುಬೆಯಲ್ಲಿ ತೀರಿತು, ಆದ್ದರಿಂದ ಲೋಕದ ನ್ಯಾಯಾಲಯ ಮುಚ್ಚಿ ಎಂದು ಇಷ್ಟರಲ್ಲಿ ಯಾವ ಸಿದ್ಧಾಂತ ಹೇಳುತ್ತದೆ, ಒಂದನ್ನು ತೋರಿಸಿ.

ತಕರಾರು ಕೂರಲಿಲ್ಲ. ನನಗೆ ಎದುರಾಳಿಯಾಗಿ ನಿಂತವನು ಈಗ ಮೇಷ್ಟ್ರ ಕಡೆ ತಿರುಗಿದ. "ಯಾವುದೂ ಹೇಳಲ್ಲ ಸಾರ್. ಕರ್ತನ ಪಕ್ಕದ ಶಿಲುಬೆಯ ಕಳ್ಳನಿಗೆ ಸ್ವರ್ಗ ಸಿಕ್ತು, ಆದರೆ ಮೊಳೆ ಕಿತ್ತು ಕೆಳಗಿಳಿಸಲಿಲ್ಲ. ಸುಂಕ ವಸೂಲಿ ಮಾಡೋ ಜಕ್ಕಾಯನ ಮನೆಗೆ ರಕ್ಷಣೆ ಬಂದ ದಿನವೇ ಅವನು ಮೋಸ ಮಾಡಿದ್ದಕ್ಕೆ ನಾಲ್ಕರಷ್ಟು ಕೊಡ್ತೀನಿ ಅಂದ. ಬದಲಿ ದಂಡನೆ ಕಲಿಸಿದ ಚರ್ಚಿನ ಸುಧಾರಕರೇ ಅಧಿಕಾರಿಯ ಕೈಯಿಂದ ಶಿಕ್ಷೆಯ ಕತ್ತಿ ಕಿತ್ತುಕೊಳ್ಳಲಿಲ್ಲ."

ಮೇಷ್ಟ್ರು, "ಯಾವುದೂ ಹೇಳುವುದಿಲ್ಲ, ನಿಜ" ಎಂದರು. ಹಾಗಾದರೆ ನೀವು ಸಹಿ ಹಾಕಿದ್ದು ಯಾವುದಕ್ಕೆ ಎಂದೆ. "ಅದು ಸಭೆಯ ವಿಷಯ. ಇದು ತರಗತಿ" ಎಂದರು. ಅಬ್ಬಾ, ಆ ಒಂದು ಮಾತಿಗೆ ಬಂದ ಸಿಟ್ಟು ನನಗೆ ನಿನ್ನ ಗಂಡನ ಮೇಲೂ ಬಂದಿರಲಿಲ್ಲ! ತರಗತಿಯಲ್ಲಿ ಸತ್ಯ, ಸಭೆಯಲ್ಲಿ ಸಹಿ. ಗಂಟೆ ಹೊಡೆಯಿತು. ಯಾರೂ ಏಳಲಿಲ್ಲ. ನಾನು ಯಾರಿಗೂ ಹೇಳಿಕೊಟ್ಟಿರಲಿಲ್ಲ. ಮುಂದಿನ ಪಾಠದವರು ಬಾಗಿಲಲ್ಲಿ ಬಂದು ನಿಂತರು, ಅವರೂ ಒಳಗೆ ಬಂದು ಗೋಡೆಗೆ ಒರಗಿ ಕೂತರು. ಪ್ರಾಂಶುಪಾಲರು ಬಂದು "ಏನ್ರಪ್ಪಾ ಇದು, ಮೀನಿನ ಸಂತೆ?" ಎಂದು ಗದರಿದರು. "ಇಲ್ಲ ಸಾರ್, ಕ್ರಮಬದ್ಧ ದೈವಶಾಸ್ತ್ರ" ಎಂದ ತಕರಾರು. ಅಷ್ಟು ಸಿಟ್ಟಿನಲ್ಲೂ ನಗು ಬಂತು.

ಸಂಜೆಯ ಹೊತ್ತಿಗೆ ಮೇಷ್ಟ್ರು ಕಾಗದ ಎಳೆದುಕೊಂಡರು. ನಿರ್ಣಯಕ್ಕೆ ಕೊಟ್ಟ ಬೋಧನಾ ಆಧಾರ ತಪ್ಪು, ನನ್ನ ಸಹಿಯನ್ನು ಹಿಂದೆಗೆದುಕೊಂಡಿದ್ದೇನೆ ಎಂದು ಬರೆದು ಸಮಿತಿಗೆ ಕಳಿಸಿದರು. ಅಷ್ಟರಲ್ಲಿ ಯಾರೋ ಅವರ ಕಿವಿಗೆ ಹಾಕಿದ್ದರು; ಹೋಗುವಾಗ ನನ್ನನ್ನು ನೋಡಿ, "ನಿನ್ನ ಅಕ್ಕ ಅಂತ ನನಗೆ ಗೊತ್ತಿರಲಿಲ್ಲಮ್ಮಾ" ಎಂದರು. ಯಾರ ಅಕ್ಕನಾದರೂ ಆಗಿದ್ದರೆ ಪರವಾಗಿಲ್ಲವೇ ಎಂದು ಕೇಳಿದೆ. ಅವರನ್ನು ಹೊಗಳಬೇಕೆಂದು ಅಮ್ಮ ಫೋನಿನಲ್ಲಿ ಹೇಳುತ್ತಾಳೆ, "ದೊಡ್ಡ ಮನಸ್ಸು ಮಾಡಿದ್ರು" ಎಂದು. ತಾನು ಮಾಡಿದ ತಪ್ಪನ್ನು ತಾನೇ ಅಳಿಸುವುದಕ್ಕೆ ಸಂಜೆಯವರೆಗೆ ಕೂರಿಸಬೇಕಾಯಿತು, ಇದರಲ್ಲಿ ದೊಡ್ಡದು ಏನಿದೆಯೋ ನಾನರಿಯೆ.

ನೀನು ಅವನನ್ನು ಕ್ಷಮಿಸು ಎಂದೂ ಹೇಳುವುದಿಲ್ಲ, ಕ್ಷಮಿಸಬೇಡ ಎಂದೂ ಹೇಳುವುದಿಲ್ಲ. ಅದು ನಿನ್ನದು. ನನ್ನದೂ ಅಲ್ಲ. ಹೊತ್ತಿಗೆ ಸರಿಯಾಗಿ ಊಟ ಮಾಡು, ಬೆಳಗಿನ ಪಾಳಿಯಿದ್ದಾಗ ಬರೀ ಚಹಾದಲ್ಲಿ ದಿನ ದೂಡಬೇಡ. ನಿನ್ನ ಕೋಣೆಯ ಗೆಳತಿಗೆ ನನ್ನ ನೆನಪು ಹೇಳು. ದೇವರು ನಿನ್ನ ಕಡೆ ಇದ್ದಾನೆ. ಇಲ್ಲದಿದ್ದರೆ ಅವನ ಜೊತೆಗೂ ಜಗಳವಾಡಲು ನಾನಿದ್ದೇನೆ.

ನಿನ್ನ ತಂಗಿ

ಮರೆತೆ, ಮುಖ್ಯವಾದದ್ದೇ ಇದು: ಸಹಿ ಹೋದದ್ದರಿಂದ ಸಮಿತಿ ಮತ್ತೆ ಸೇರಬೇಕಾಗಿದೆ. ನಿನಗೆ ಸೂಚನೆ ಕಳಿಸುವುದಿಲ್ಲವಂತೆ. ನೀನು ಬಾರದಿದ್ದರೆ "ದೂರು ಕೊಟ್ಟವಳೇ ಬರಲಿಲ್ಲ" ಎಂದು ಬರೆದು ಮುಚ್ಚಿಬಿಡುವುದು ಅವರ ಉಪಾಯ. ಸಮಿತಿಯ ಕಾರ್ಯದರ್ಶಿಯ ಬಾಯಿಂದ ಜಾರಿದ್ದನ್ನು ತಕರಾರು ಹಿಡಿದು ತಂದಿದ್ದಾನೆ. ನಾವೆಲ್ಲ ಬಾಗಿಲ ಬಳಿ ಇರುತ್ತೇವೆ, ಆದರೆ ಒಳಗೆ ಮಾತಾಡುವ ಹಕ್ಕು ನಿನ್ನೊಬ್ಬಳಿಗೇ. ರಜೆ ಕೇಳು, ಕೊಡದಿದ್ದರೂ ಬಾ. ಪ್ರಾರ್ಥನಾ ಮಂದಿರದ ಹಿಂದಿನ ಕೋಣೆ, ಬರುವ ಗುರುವಾರ, ಸಂಜೆ ಐದು ಗಂಟೆ.