ಕ್ಲಾಸ್ ಟೀಚರಿಗೆ ಎರಡನೆಯ ಸಂದೇಶ

ಜುಲೈ ೧೮, ಶುಕ್ರವಾರ

ಪ್ರೀತಿಯ ಅಕ್ಕಾ,

ತಮ್ಮನ ನಮಸ್ಕಾರ. ಮಂಡಿನೋವು ಹೇಗಿದೆ? ಮೆಟ್ಟಿಲು ಹತ್ತಬೇಡ ಎಂದು ಡಾಕ್ಟರು ಹೇಳಿದ ಮೇಲೂ ಬಟ್ಟೆ ಒಣಹಾಕಲು ಮಹಡಿಗೆ ಹೋಗುತ್ತೀಯಂತೆ, ಭಾವ ದೂರು ಹೇಳಿದರು. ಜೀವನವಿಡೀ ಮಕ್ಕಳಿಗೆ ಶಿಸ್ತು ಕಲಿಸಿದವಳು ನೀನು, ನಿನಗೆ ಯಾರು ಕಲಿಸಬೇಕು?

ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸು. ನೀನು ಫೋನ್ ಮಾಡಿದಾಗಲೆಲ್ಲ "ಗಾಡಿ ಓಡಿಸ್ತಿದೀನಿ ಅಕ್ಕ, ಆಮೇಲೆ ಮಾಡ್ತೀನಿ" ಎಂದೆ. ಅದು ಸುಳ್ಳು, ಗಾಡಿ ಮನೆ ಮುಂದೆಯೇ ನಿಂತಿರುತ್ತಿತ್ತು. ನಿನ್ನ ದನಿ ಕೇಳಿದರೆ "ಎಲ್ಲಾ ಸರಿಹೋಯ್ತು" ಎಂದು ಹೇಳಿ ಜಾರಿಕೊಳ್ಳುತ್ತೇನೆಂದು ನನಗೇ ಗೊತ್ತಿತ್ತು. ಕಾಗದದಲ್ಲಾದರೆ ಜಾರಲು ಅಷ್ಟು ಸುಲಭವಿಲ್ಲ. ಈಗ ಮಕ್ಕಳನ್ನು ಇಳಿಸಿ, ಶಾಲೆಯ ಗೇಟಿನ ಹೊರಗೆ ವ್ಯಾನ್ ನಿಲ್ಲಿಸಿಕೊಂಡು, ಸ್ಟೇರಿಂಗ್ ಮೇಲೆ ರಟ್ಟು ಇಟ್ಟು ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ಕೆಂಪು ಪೆನ್ನು ಹಿಡಿಯಬೇಡ.

ನಮ್ಮ ಮಗಳು, ನಿನ್ನ ಸೊಸೆ ಇಣಚಿಯ ವಿಷಯ ನಿನಗೆ ಅರ್ಧ ಗೊತ್ತು. ಹೊಟ್ಟೆನೋವು ಅಂತ ಬೆಳಗ್ಗೆ ಹಾಸಿಗೆ ಬಿಟ್ಟೇಳುತ್ತಿರಲಿಲ್ಲ. ಊಟದ ಡಬ್ಬಿ ತುಂಬಿದ್ದು ತುಂಬಿದಂತೆ ವಾಪಸ್ ಬರುತ್ತಿತ್ತು. ನಮ್ಮ ಮನೆಯವಳು ಹೊಲಿಗೆ ಬಿಟ್ಟು ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ತಲೆ ಬಾಚುವ ನೆಪದಲ್ಲಿ ಸ್ವಲ್ಪ ಸ್ವಲ್ಪವಾಗಿ ಕೇಳಿದಾಗ ಶಾಲೆಯಲ್ಲಿ ಕೆಲವು ಮಕ್ಕಳು ಅವಳನ್ನು ಕಾಡುತ್ತಿದ್ದುದು ಹೊರಗೆ ಬಂತು. ನನಗೆ ಮೈಯೆಲ್ಲ ಉರಿದುಹೋಯಿತು. ತರಗತಿಯ ಅಪ್ಪ-ಅಮ್ಮಂದಿರೆಲ್ಲ ಇರುವ ವಾಟ್ಸಾಪ್ ಗುಂಪಿನಲ್ಲಿ, ಕಾಡುವವರಲ್ಲಿ ಮುಂದಿದ್ದ, ನನ್ನ ವ್ಯಾನಿನಲ್ಲೇ ಬರುವ ಡಾಕ್ಟರೊಬ್ಬರ ಮಗಳ ಹೆಸರು ಹಿಡಿದು, "ಮಕ್ಕಳಿಗೆ ಓದು ಕಲಿಸಿದರೆ ಸಾಲದು" ಎಂದೆಲ್ಲ ಉದ್ದಕ್ಕೆ ಬರೆದಿದ್ದೆ. ಕಳಿಸುವ ಮೊದಲು ಇವಳು ಫೋನ್ ಕಿತ್ತುಕೊಂಡಳು. "ಅದೂ ಒಂಬತ್ತು ವರ್ಷದ ಮಗೂನೇ. ಊರಿಗೆಲ್ಲ ಡಂಗುರ ಹೊಡೆದರೆ ನಾಳೆ ನಮ್ಮ ಮಗು ಕ್ಲಾಸಲ್ಲಿ ಕೂರೋದು ಹೇಗೆ? ಮೊದಲು ಅಕ್ಕನ್ನ ಕೇಳಿ" ಎಂದಳು.

ಆಗಲೇ ನಿನಗೆ ಫೋನ್ ಮಾಡಿದ್ದು. ನೀನು ಹೇಳಿದ್ದನ್ನು ಚೀಟಿಯಲ್ಲಿ ಬರೆದುಕೊಂಡಿದ್ದೆ. "ಗುಂಪಿಗೆ ಬೇಡ, ಆ ಮಗುವಿನ ಮನೆಗೂ ಹೋಗಬೇಡ, ಕ್ಲಾಸ್ ಟೀಚರಿಗೆ ಮಾತ್ರ ಬರಿ. ಯಾವತ್ತು, ಎಲ್ಲಿ, ಏನಾಯ್ತು, ಯಾರಿದ್ರು, ಅಷ್ಟೇ. ಮಗು ಹೇಳಿದ್ದು ಯಾವುದು, ನೀನು ಕಣ್ಣಾರೆ ಕಂಡದ್ದು ಯಾವುದು, ಎರಡನ್ನೂ ಕಲಸಬೇಡ. ಪೋಕರಿ, ಕೊಬ್ಬು ಅಂತೆಲ್ಲ ಹಾಕಬೇಡ. ಕೊನೆಗೆ ನಿನಗೇನು ಬೇಕು ಅಂತ ಕೇಳು." ಹಾಗೆಯೇ ಬರೆದೆ ಅಕ್ಕ. ಇಗೋ ನೋಡು:

"ನಮಸ್ಕಾರ ಟೀಚರ್. ಮಗಳು ಕೆಲವು ದಿನಗಳಿಂದ ಶಾಲೆಗೆ ಬರಲು ಹೆದರುತ್ತಿದ್ದಾಳೆ. ಅವಳು ಮನೆಯಲ್ಲಿ ಹೇಳಿದ್ದನ್ನು ನಿಮ್ಮ ಗಮನಕ್ಕೆ ತರುತ್ತಿದ್ದೇನೆ. ನಾವು ಕೇಳಿರುವುದು ಅವಳೊಬ್ಬಳ ಮಾತು, ತರಗತಿಯಲ್ಲಿ ನೀವು ಕಂಡದ್ದು ಬೇರೆ ಇರಬಹುದು.

ಜುಲೈ ೧, ಮಂಗಳವಾರ, ಊಟದ ಬಿಡುವು. ನಾಲ್ಕೈದು ಮಕ್ಕಳು ಬೆಂಚುಗಳನ್ನು ಜೋಡಿಸಿ ವ್ಯಾನ್ ಆಟ ಆಡಿದರು. ಮಗಳು ತರಗತಿಯ ಬಾಗಿಲು ಹಿಡಿದು ನಿಲ್ಲಬೇಕಾಯಿತು. ಊಟಕ್ಕೆ ಕೂರಲು ಹೋದಾಗ 'ಬಾಗಿಲು ನೋಡ್ಕೊಳ್ಳೋರು ಕೂತ್ಕೊಳ್ಳಲ್ಲ' ಎಂದರಂತೆ. ಅಂದು ಊಟ ಮಾಡಿಲ್ಲ.

ಜುಲೈ ೪, ಶುಕ್ರವಾರ, ಚಿತ್ರಕಲೆಯ ತರಗತಿಗೆ ಮುಂಚೆ. ಇವಳ ಚೀಲವನ್ನು ಬಾಗಿಲಿನಾಚೆ ಇಟ್ಟು, ಅವಳ ಜಾಗ ಅಲ್ಲಿಯೇ ಎಂದರಂತೆ. ಬಣ್ಣದ ಡಬ್ಬಿ ಒಡೆದಿದೆ. ಒಡೆದದ್ದನ್ನು ನಾವು ನೋಡಿದ್ದೇವೆ, ಹೇಗೆ ಒಡೆಯಿತೋ ತಿಳಿಯದು.

ಜುಲೈ ೮, ಮಂಗಳವಾರ, ಎರಡನೆಯ ಪೀರಿಯಡ್. ಪಾಠ ಓದಲು ಎದ್ದಾಗ ಹಿಂದಿನ ಸಾಲಿನವರು ಡೀಸೆಲ್ ವಾಸನೆ ಎಂದು ಮೂಗು ಹಿಡಿದುಕೊಂಡರಂತೆ.

ಅವಳು ಹೇಳಿದ ಮಕ್ಕಳ ಹೆಸರನ್ನು ಕೆಳಗೆ ಕೊಟ್ಟಿದ್ದೇನೆ. ಅವರಿಗೆ ಶಿಕ್ಷೆಯಾಗಲಿ ಎಂಬುದು ನಮ್ಮ ಉದ್ದೇಶವಲ್ಲ. ಊಟದ ಹೊತ್ತಿನಲ್ಲಿ ಯಾರಾದರೂ ಗಮನಿಸುವಂತೆ, ಅವಳನ್ನು ಬೇರೆ ಜಾಗದಲ್ಲಿ ಕೂರಿಸುವಂತೆ ಆಗಬಹುದೇ? ತರಗತಿಯೆದುರು ಅವಳನ್ನು ನಿಲ್ಲಿಸಿ ಕೇಳಬೇಡಿ ಎಂದು ವಿನಂತಿ. ನಿಮಗೆ ಅನುಕೂಲವಾದ ಹೊತ್ತಿನಲ್ಲಿ ಬಂದು ಭೇಟಿಯಾಗುತ್ತೇವೆ."

ಎಷ್ಟು ಚೆನ್ನಾಗಿದೆ ಅಲ್ಲವೇ? ನನಗೂ ಹಾಗೆಯೇ ಅನಿಸಿತು. ಇವಳಿಗೆ ಓದಿ ತೋರಿಸಿ, ನಾನೇನೋ ದೊಡ್ಡ ಮನುಷ್ಯನಂತೆ ಮೀಸೆ ತಿರುವಿದೆ.

ಟೀಚರ್ ಅಂದೇ ಸಂಜೆ ಉತ್ತರಿಸಿದರು. ತಿಳಿಸಿದ್ದು ಒಳ್ಳೆಯದಾಯಿತು, ಮುಖ್ಯೋಪಾಧ್ಯಾಯಿನಿಯವರಿಗೂ ಹೇಳಿದ್ದೇನೆ, ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಮಾತಾಡಿಸುತ್ತೇನೆ, ಸೋಮವಾರ ಬನ್ನಿ ಎಂದರು. ಮರುದಿನವೇ ಇಣಚಿಯನ್ನು ಮುಂದಿನ ಸಾಲಿನಲ್ಲಿ ನಗುಮುಖದ ಹುಡುಗಿಯೊಬ್ಬಳ ಪಕ್ಕ ಕೂರಿಸಿದ್ದರು. ಊಟದ ಹೊತ್ತಿಗೆ ತಾವೇ ಡಬ್ಬಿ ತಂದು ತರಗತಿಯಲ್ಲಿ ಕೂತರಂತೆ. ಯಾರಿಗೂ ಏಕೆಂದು ಹೇಳಲಿಲ್ಲ.

ಸೋಮವಾರ ಇಬ್ಬರೂ ಹೋದೆವು. ಮಕ್ಕಳ ಪುಟ್ಟ ಕುರ್ಚಿಗಳೇ ಇದ್ದದ್ದು. ಮಂಡಿ ಗಲ್ಲಕ್ಕೆ ತಾಗುವಂತೆ ಕೂತೆ. ಟೀಚರ್ ಚಿಕ್ಕ ವಯಸ್ಸಿನವರು, ಮೆತ್ತಗೆ ಮಾತಾಡುತ್ತಾರೆ. ಊಟದ ಬಿಡುವಿನದೂ ಮೂಗು ಹಿಡಿದದ್ದೂ ನಿಜವೆಂದು ಗೊತ್ತಾಗಿದೆ, ಬಣ್ಣದ ಡಬ್ಬಿ ಯಾರಿಂದ ಒಡೆಯಿತೆಂದು ಖಚಿತವಾಗಿಲ್ಲ ಎಂದರು. ಆ ಮಕ್ಕಳ ಮನೆಯವರೊಡನೆ ತಾವೇ ಮಾತಾಡುತ್ತಾರಂತೆ. ಅಲ್ಲಿ ಏನು ತೀರ್ಮಾನವಾಯಿತೆಂದು ನಮಗೆ ಹೇಳುವಂತಿಲ್ಲ, ನಮ್ಮ ಮಗಳ ವಿಷಯವನ್ನೂ ಅವರಿಗೆ ಹೆಚ್ಚು ಹೇಳುವುದಿಲ್ಲ ಎಂದರು. ಅದು ನ್ಯಾಯವೆನಿಸಿತು.

ಆಮೇಲೆ ಕೇಳಿದರು: "ಈ ಬಾಗಿಲಿನ ಆಟ ಮಕ್ಕಳಿಗೆ ಎಲ್ಲಿಂದ ಬಂತು ಸರ್? ವ್ಯಾನಲ್ಲಿ ಏನಾದ್ರೂ ಆಗಿತ್ತಾ? ಇಬ್ಬರು ಮಕ್ಕಳು ಬೇರೆ ಬೇರೆಯಾಗಿ ಒಂದೇ ವಿಷಯ ಹೇಳಿದ್ರು."

ನಾನು "ಇಲ್ಲವಲ್ಲ" ಎಂದೆ. ಬಾಯಿಂದ ತಾನಾಗಿ ಬಂದುಬಿಟ್ಟಿತು ಅಕ್ಕ. ಇವಳು ನನ್ನ ಮುಖ ನೋಡಿದಳು. ಟೀಚರ್ ನೋಡಲಿಲ್ಲ, ಮೇಜಿನ ಮೇಲಿನ ಸೀಮೆಸುಣ್ಣಗಳನ್ನು ಡಬ್ಬಿಗೆ ತುಂಬಿದರು. "ನೆನಪಾದ್ರೆ ತಿಳಿಸಿ" ಎಂದರು. ಭೂಮಿ ಬಾಯಿಬಿಡಬಾರದೇ ಎನಿಸಿತು.

ಆಗಿತ್ತು ಅಕ್ಕ. ಈಚೆಗೆ ವ್ಯಾನಿಗೆ ಸಹಾಯಕ್ಕಿದ್ದ ಅಜ್ಜ ಬಿಟ್ಟುಹೋದ ಮೇಲೆ, ಇಣಚಿಯನ್ನೇ ಬಾಗಿಲ ಪಕ್ಕದ ಸೀಟಿನಲ್ಲಿ ಕೂರಿಸಿದ್ದೆ. ಪ್ರತಿ ನಿಲುಗಡೆಯಲ್ಲಿ ಬಾಗಿಲು ಎಳೆಯುವುದು, ಚಿಕ್ಕವರ ಚೀಲ ಇಳಿಸಿಕೊಡುವುದು, ಬಾಗಿಲು ಹಾಕಿ "ರೈಟ್" ಎನ್ನುವುದು. ಚುರುಕಾಗಿ ಮಾಡುತ್ತಿದ್ದಳು, ನನಗೆ ಹೆಮ್ಮೆಯೇ ಇತ್ತು. ಜಾರುವ ಆ ಭಾರದ ಬಾಗಿಲು ಮಗುವಿನ ಕೆಲಸವಲ್ಲ ಎಂಬುದು ಹತ್ತು ವರ್ಷ ವ್ಯಾನ್ ಓಡಿಸಿದ ನನಗೆ ತಿಳಿಯದ್ದೇನಲ್ಲ. ಹೊಸಬರನ್ನು ಹುಡುಕುವ ಸೋಮಾರಿತನ, ಅಷ್ಟೇ. ಮಿಕ್ಕ ಮಕ್ಕಳ ಕಣ್ಣಿಗೆ ಅವಳು ಜೊತೆಗೆ ಓದುವವಳಾಗಿ ಉಳಿಯಲಿಲ್ಲ, ತಮ್ಮ ಕೆಲಸದವಳಾದಳು. ಅದನ್ನು ಅವರಿಗೆ ಕಲಿಸಿದವನು ನಾನು.

ಜುಲೈ ೭, ಸೋಮವಾರ ಸಂಜೆ ಡಾಕ್ಟರ ಮನೆಯ ಮುಂದೆ ನಿಲ್ಲಿಸಿದಾಗ, ಒಳಗಿದ್ದವರು ಒಂದು ಚೀಲವನ್ನು ರಸ್ತೆಗೆ ಬೀಳಿಸಿ, ಎತ್ತಿಕೊಡು ಎಂದರು. ಇಣಚಿ ಇಳಿದಳು. ಒಳಗಿನಿಂದ ಬಾಗಿಲು ಎಳೆದು ಹಿಡಿದುಕೊಂಡರು. ಅವಳು ಹೊರಗೆ ನಿಂತು ಗಾಜು ತಟ್ಟಿದಳು, ಒಳಗೆಲ್ಲ ನಗು. ನನಗೆ ಎಲ್ಲವೂ ಕಾಣುತ್ತಿತ್ತು. ಡಾಕ್ಟರ ಹೆಂಡತಿ ಗೇಟಿನ ಬಳಿ ನಿಂತಿದ್ದರು. ಆ ಬೀದಿಯ ಮಕ್ಕಳೆಲ್ಲ ನನ್ನ ವ್ಯಾನಿಗೆ ಬಂದದ್ದು ಅವರ ಬಾಯಿಮಾತಿನಿಂದ. ಅವರೆದುರು ಅವರ ಮಗಳನ್ನು ಗದರುವುದು ಹೇಗೆಂದು, ನಾನೂ ಹಲ್ಲು ಕಿರಿದು, "ಸಾಕ್ರೋ, ಹೊತ್ತಾಯ್ತು" ಎಂದು ಸಣ್ಣಗೆ ಹಾರನ್ ಬಾರಿಸಿದೆ. ಇಳಿಯಲಿಲ್ಲ.

ಟೀಚರನ್ನು ಕಂಡು ಮನೆಗೆ ಬಂದ ಮೇಲೆ ಇದನ್ನೆಲ್ಲ ಮನೆಯವಳಿಗೆ ಹೇಳಿದೆ. ಬೈಯುತ್ತಾಳೆಂದುಕೊಂಡೆ. ಫೋನ್ ಇಸಿದುಕೊಂಡು ನನ್ನ ಸಂದೇಶವನ್ನು ಮತ್ತೊಮ್ಮೆ ಓದಿ, "ಅಕ್ಕ ಹೇಳಿದ್ರಲ್ಲ, ಕಣ್ಣಾರೆ ಕಂಡದ್ದು ಬೇರೆ ಬರಿ ಅಂತ. ನೀವು ಕಣ್ಣಾರೆ ಕಂಡದ್ದು ಅದೊಂದೇ. ಅದನ್ನೇ ಬಿಟ್ರಿ" ಎಂದಳು. ಅದಕ್ಕಿಂತ ಎರಡೇಟು ಹಾಕಿದ್ದರೆ ಚೆನ್ನಾಗಿತ್ತು.

ಅಲ್ಲಿಯೇ ಕೂತು ಎರಡನೆಯ ಸಂದೇಶ ಬರೆದೆ:

"ಟೀಚರ್, ನನ್ನ ಮೊದಲ ಸಂದೇಶದಲ್ಲಿ ಒಂದು ಘಟನೆಯನ್ನು ಬಿಟ್ಟಿದ್ದೆ. ಇವತ್ತು ನೀವು ಕೇಳಿದಾಗಲೂ ಇಲ್ಲವೆಂದೆ. ಅದು ಸುಳ್ಳು. ಜುಲೈ ೭ರ ಸಂಜೆ ನನ್ನ ವ್ಯಾನಿನಲ್ಲಿ ಮಕ್ಕಳು ಬಾಗಿಲು ಹಿಡಿದು ಮಗಳನ್ನು ಹೊರಗೆ ರಸ್ತೆಯಲ್ಲಿ ನಿಲ್ಲಿಸಿದ್ದರು. ನಾನೇ ನೋಡಿದೆ, ತಡೆಯಲಿಲ್ಲ. ಬಾಗಿಲಿನ ಕೆಲಸಕ್ಕೆ ಅವಳನ್ನು ಹಚ್ಚಿದವನೂ ನಾನೇ. ನಾಳೆಯಿಂದ ಹಚ್ಚುವುದಿಲ್ಲ. ಆ ಮಕ್ಕಳೊಡನೆ ಮಾತಾಡುವಾಗ ಇದೂ ನಿಮಗೆ ತಿಳಿದಿರಲಿ, ತಪ್ಪೆಲ್ಲ ಅವರದೇ ಆಗದಿರಲಿ."

"ಬರೆದದ್ದಕ್ಕೆ ಥ್ಯಾಂಕ್ಸ್ ಸರ್. ಇದರಿಂದ ನನ್ನ ಕೆಲಸ ಸುಲಭವಾಯಿತು" ಎಂದು ಉತ್ತರ ಬಂತು. ಜೊತೆಗೆ, ಬಾಗಿಲಿಗೆ ದೊಡ್ಡವರೊಬ್ಬರು ಇರಲೇಬೇಕು, ಇದನ್ನು ಮುಖ್ಯೋಪಾಧ್ಯಾಯಿನಿಯವರೂ ನಿಮಗೆ ತಿಳಿಸುತ್ತಾರೆ ಎಂದೂ ಇತ್ತು. ತಿಳಿಸಿದರು, ಸ್ವಲ್ಪ ಖಾರವಾಗಿಯೇ. ಹೊಸಬರು ಸಿಗುವವರೆಗೆ ಪ್ರತಿ ನಿಲುಗಡೆಯಲ್ಲೂ ನಾನೇ ಇಳಿದು ಬಾಗಿಲು ತೆಗೆಯುತ್ತಿದ್ದೆ. ನಿನ್ನೆಯಿಂದ ಇವಳ ಹೊಲಿಗೆ ಅಂಗಡಿಯ ದೊಡ್ಡಮ್ಮ ಒಬ್ಬರು ಬರುತ್ತಿದ್ದಾರೆ. ಅವರು ಕೂತರೆ ಮಕ್ಕಳು ಉಸಿರೆತ್ತುವುದಿಲ್ಲ, ನಾನೂ ಎತ್ತುವುದಿಲ್ಲ.

ಇಣಚಿ ಈಗ ಡಬ್ಬಿ ಖಾಲಿ ಮಾಡಿಕೊಂಡು ಬರುತ್ತಾಳೆ. ಹೊಟ್ಟೆನೋವು ಇಲ್ಲ. ಡಾಕ್ಟರ ಮಗಳು ಇನ್ನೂ ಅವಳೊಡನೆ ಮಾತಾಡಿಲ್ಲ, ಆದರೆ ಮೂಗೂ ಹಿಡಿಯುವುದಿಲ್ಲ. ತಿಂಗಳ ಕೊನೆಗೆ ಮತ್ತೆ ಬನ್ನಿ, ಹೇಗಿದ್ದಾಳೆಂದು ನೋಡೋಣ ಎಂದು ಟೀಚರ್ ಹೇಳಿದ್ದಾರೆ. ನಿನಗೆ ಅವರು ಇಷ್ಟವಾಗುತ್ತಿದ್ದರು.

ಭಾವನಿಗೆ ನಮಸ್ಕಾರ ತಿಳಿಸು. ಮೆಟ್ಟಿಲು ಹತ್ತಬೇಡ. ಬೈಯಬೇಕೆನಿಸಿದರೆ ಕಾಗದದಲ್ಲೇ ಬೈ, ಎರಡೆರಡು ಸಲ ಓದಿಕೊಳ್ಳುತ್ತೇನೆ. ನಿನ್ನ ಆಶೀರ್ವಾದ ನಮ್ಮ ಮಗುವಿನ ಮೇಲಿರಲಿ, ಮಿಕ್ಕರೆ ನನಗೂ ಒಂದಿಷ್ಟು.

ನಿನ್ನ ತಮ್ಮ

ಮರೆತದ್ದು: ಮರೆತಿಲ್ಲ, ಬರೆಯಲಾಗಿರಲಿಲ್ಲ. ಟೀಚರಿಗೆ ಬರೆದ ಎರಡನೆಯ ಸಂದೇಶದಲ್ಲೂ ಇದಿಲ್ಲ. ಅಂದು ಹೊರಗೆ ನಿಂತು ಗಾಜು ತಟ್ಟುವಾಗ ಅವಳು "ಅಪ್ಪಾ, ಅಪ್ಪಾ" ಎಂದು ಕೂಗಿದ್ದಳು. ಮನೆಗೆ ಬಂದು, "ನಾನು ಕೂಗಿದ್ದು ನಿಂಗೆ ಕೇಳಿಸ್ಲಿಲ್ವಾ?" ಎಂದು ಕೇಳಿದಳು. ನಾನು ಏನೆಂದೆ ಗೊತ್ತೇ? "ವ್ಯಾನಲ್ಲಿ ಅಪ್ಪಾ ಅಂತ ಕೂಗ್ಬೇಡ. ಅಲ್ಲಿ ನಾನು ಎಲ್ಲರಿಗೂ ಡ್ರೈವರ್ ಅಂಕಲ್ಲೇ" ಎಂದೆ. ಅವಳು ತಲೆಯಾಡಿಸಿದಳು. ಇವತ್ತು ಬೆಳಗ್ಗೆ ಶಾಲೆಯ ಮುಂದೆ ಇಳಿಯುವಾಗ, ಎಲ್ಲರಂತೆ "ಥ್ಯಾಂಕ್ಯೂ ಅಂಕಲ್" ಎಂದಳು. ಓಡಿಹೋಗಿ ಗೇಟಿನ ಬಳಿ ಅವಳ ಚೀಲ ಹಿಡಿದು ನಿಲ್ಲಿಸಿ, "ಇನ್ಮೇಲೆ ಅಪ್ಪಾ ಅನ್ನು ಪುಟ್ಟಾ, ಎಲ್ಲರೆದುರಿಗೂ ಅನ್ನು" ಎಂದೆ. ಸಿಟ್ಟೇನೂ ಇರಲಿಲ್ಲ ಅಕ್ಕ ಅವಳ ಮುಖದಲ್ಲಿ. ನನ್ನ ಕೈಯಿಂದ ಚೀಲ ಬಿಡಿಸಿಕೊಂಡು, "ಪರ್ವಾಗಿಲ್ಲ, ಅಭ್ಯಾಸ ಆಗೋಯ್ತು" ಎಂದು ಒಳಗೆ ಹೋದಳು.