ಒಬ್ಬರೇ ಹೋಗಬೇಡಿ

ಐರಿಸ್,

ಹೊಳೆಯ ನೆರೆ ಇಳಿದಿದೆ. ಚರ್ಚಿನ ಸದಸ್ಯರ ಮನೆಮನೆಗೂ ಇವತ್ತು ನನ್ನ ಪತ್ರ ಹೋಯಿತು. ಮೊದಲು ನೋಹನ ಕಥೆಯಿಂದ ಶುರು ಮಾಡಿದ್ದೆ. ಚರ್ಚಿನ ಅಡುಗೆಮನೆ ನೋಡಿಕೊಳ್ಳುವ ಡೆಲ್ಮಾ ಓದಿ, "ಪಾಸ್ಟರೇ, ಮೊಣಕಾಲುದ್ದ ಕೆಸರಲ್ಲಿ ನಿಂತೋರಿಗೆ ನೋಹ ಯಾಕೆ? ಅವನಿಗಾದ್ರೂ ದೋಣಿ ಇತ್ತು" ಎಂದಳು. ನೀನಿದ್ದರೂ ಆ ಭಾಗಕ್ಕೇ ಗೀಟು ಎಳೆಯುತ್ತಿದ್ದೆ. ಅದನ್ನು ತೆಗೆದುಹಾಕಿದೆ.

ನೀರು ಕುದಿಸಿ ಕುಡಿಯಿರಿ, ವಿಮೆಯವರಿಗೆ ಫೋಟೋ ತೆಗೆಯದೆ ಏನನ್ನೂ ಎಸೆಯಬೇಡಿ, ಜನರೇಟರನ್ನು ಮನೆಯೊಳಗೆ ಓಡಿಸಬೇಡಿ ಎಂದು ಬರೆದೆ. ಬೇರೆಯವರು ಊಟ ತಂದುಕೊಟ್ಟ ಪಾತ್ರೆಯ ತಳದಲ್ಲಿ ಅವರ ಹೆಸರಿದ್ದರೂ ಈ ಸಲ ತೊಳೆದು ಹಿಂದಿರುಗಿಸುವ ಚಿಂತೆ ಬೇಡ ಎಂದೆ. ಕೊನೆಯಲ್ಲಿ, "ಕೆಸರು ಹೊಕ್ಕ ಮನೆಗೆ ಒಬ್ಬರೇ ಹೋಗಬೇಡಿ. ಕರೆಯಿರಿ, ಜೊತೆಗೆ ಬರುತ್ತೇವೆ. ದೇವರು ಬರುವುದೂ ಹಾಗೆಯೇ" ಎಂದು ಸೇರಿಸಿದೆ.

ಸಂಜೆ ಡೆಲ್ಮಾ ಕೇಳಿದಳು, "ನಿಮ್ಮನೆ ಕೆಸರು ತೆಗೆಯೋ ಸರದಿ ಯಾವತ್ತು?"

"ನಮ್ಮನೇಲಿ ಅಂಥದ್ದೇನಿಲ್ಲ. ಒಂದೇ ಕೋಣೆ."

ಅದು ನಿನ್ನ ಹೊಲಿಗೆ ಕೋಣೆ. ನಿನ್ನನ್ನು ಮಣ್ಣು ಮಾಡಿ ಬಂದ ದಿನ ಹಾಕಿದ ಬಾಗಿಲು ಇನ್ನೂ ತೆಗೆದಿಲ್ಲ. ನೀನು ಅರ್ಧ ಹೊಲಿದ ಕೌದಿ ಒಳಗೇ ಇದೆ. ಈಗ ಬಾಗಿಲ ಅಡಿಯಿಂದ ಕೆಸರು ಜಿನುಗುತ್ತಿದೆ. ಕೂತರೆ ಎದ್ದೇಳುತ್ತೇನೆ, ಎದ್ದರೆ ಅಲ್ಲಿಯವರೆಗೆ ಹೋಗಿ ವಾಪಸು ಬರುತ್ತೇನೆ.

ಹೊರಗೆ ಡೆಲ್ಮಾ ಬಕೆಟ್ ಹಿಡಿದು ನಿಂತಿದ್ದಾಳೆ. ಕೈಗವಸು ಎರಡು ಜೊತೆ ತಂದಿದ್ದಾಳೆ.

"ಬರ್ದಿದ್ದು ನೀವೇ ಅಲ್ವಾ ಪಾಸ್ಟರೇ? ಬನ್ನಿ."